ಎರಡು ತಟ್ಟೆ, ಎರಡು ದಾರ

ಅಭ್ಯಾಸ ಬೋಧನೆಯಲ್ಲಿ ಹತ್ತನೇ ತರಗತಿಗೆ ಉಷ್ಣ ವಿಕಿರಣದ ಮೇಲೆ ಒಂದು ಪೂರಕ ಪಾಠ ತೆಗೆದುಕೊಂಡಿದ್ದೆ. ಕಪ್ಪುಹಲಗೆಯ ಮೇಲೆ ಒಂದೇ ಅಳತೆಯ ಎರಡು ದುಂಡು ತಟ್ಟೆಗಳನ್ನು ಬರೆದೆ. ಮೇಲಿನದು ಬಿಸಿ, ಕೆಳಗಿನದು ತಣ್ಣಗೆ. ಬಿಸಿಯದನ್ನು ಕೆಳಗಿಟ್ಟರೆ ಬಿಸಿಗಾಳಿ ಮೇಲೇರಿ ವಿಕಿರಣದ ಲೆಕ್ಕವನ್ನೇ ಕೆಡಿಸುತ್ತದೆ. ಎರಡೂ ಸಮಾಂತರ, ಕೇಂದ್ರಕ್ಕೆ ಕೇಂದ್ರ ನೇರ. ಆಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ದೂರ ಅರ್ಧ ಮಾಡಿದ್ರೆ ಶಾಖ ನಾಲ್ಕು ಪಟ್ಟು ಆಗುತ್ತಾ ಸರ್?"

ಒಂಬತ್ತರಲ್ಲಿ ಗುರುತ್ವಾಕರ್ಷಣೆಯ ಜೊತೆ ಕಲಿತ ವಿಲೋಮ ವರ್ಗ ನಿಯಮ ಅವಳ ಮನಸ್ಸಿನಲ್ಲಿತ್ತು. ಆ ನಿಯಮ ಬಿಂದುವಿನಂಥ ಮೂಲಕ್ಕೆ ಸರಿ. ಹತ್ತಿರದಲ್ಲಿರುವ ತಟ್ಟೆ ಬಿಂದುವಲ್ಲ. ಅದರ ನಡುಭಾಗ ಎದುರಿನ ತಟ್ಟೆಯನ್ನು ಕಾಣುವ ರೀತಿಯೇ ಬೇರೆ, ಅಂಚು ಕಾಣುವ ರೀತಿಯೇ ಬೇರೆ. ಒಂದು ತಟ್ಟೆಯ ಮುಖದಿಂದ ಹೊರಟ ವಿಕಿರಣದಲ್ಲಿ ಎಷ್ಟು ಪಾಲು ನೇರವಾಗಿ ಎದುರಿನ ತಟ್ಟೆಗೆ ಬೀಳುತ್ತದೆಯೋ ಅದಕ್ಕೆ ವ್ಯೂ ಫ್ಯಾಕ್ಟರ್ ಎನ್ನುತ್ತೇವೆ. ಅದು ತಾಪವನ್ನು ಅವಲಂಬಿಸಿಲ್ಲ, ಆಕಾರ ಮತ್ತು ದೂರವನ್ನು ಮಾತ್ರ ಅವಲಂಬಿಸಿದೆ.

ನಮ್ಮ ಪುಸ್ತಕಗಳಲ್ಲಿ ಇದರ ಸೂತ್ರ ಹೀಗಿದೆ:

F₁₂ = ½ [S − √(S² − 4(r₂/r₁)²)], ಇಲ್ಲಿ S = 1 + (h² + r₂²)/r₁²

ಇದನ್ನು ಹತ್ತನೇ ತರಗತಿಯ ಮುಂದಿಡುವುದು ಕಷ್ಟ. ಆದರೆ ಇದರೊಳಗೆ ಎರಡು ಉದ್ದಗಳು ಅಡಗಿವೆ. ಒಂದು ತಟ್ಟೆಯ ಅಂಚಿನಿಂದ ಇನ್ನೊಂದರ ಅಂಚಿಗೆ, ಅದೇ ಬದಿಯಲ್ಲಿ ಕಟ್ಟಿದ ದಾರ ಗಿಡ್ಡದ್ದು: s. ಎದುರು ಬದಿಯ ಅಂಚಿಗೆ ಓರೆಯಾಗಿ ಕಟ್ಟಿದ ದಾರ ಉದ್ದದ್ದು: L. ಪೈಥಾಗೊರಸ್ ಪ್ರಮೇಯದಿಂದ L² = h² + (r₁ + r₂)², s² = h² + (r₁ − r₂)². ಇವನ್ನು ಬಳಸಿ ಬಿಡಿಸಿದರೆ ಮೇಲಿನ ಸೂತ್ರ ಇಷ್ಟಕ್ಕೆ ಇಳಿಯುತ್ತದೆ:

F₁₂ = ((L − s) / 2r₁)²

ರಟ್ಟಿನಲ್ಲಿ 10 ಸೆಂ.ಮೀ. ತ್ರಿಜ್ಯದ ಎರಡು ತಟ್ಟೆ ಕತ್ತರಿಸಿ 10 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿದೆವು. ಗಿಡ್ಡ ದಾರ 10 ಸೆಂ.ಮೀ., ಓರೆ ದಾರ ಲೆಕ್ಕದಂತೆ 22.36 ಸೆಂ.ಮೀ. ವ್ಯತ್ಯಾಸ 12.36. ಅದನ್ನು 20ರಿಂದ ಭಾಗಿಸಿ ವರ್ಗ ಮಾಡಿದರೆ 0.38. ಅಂತರ 20 ಸೆಂ.ಮೀ. ಆದಾಗ 0.17, 5 ಸೆಂ.ಮೀ. ಆದಾಗ 0.61. ಅಂದರೆ ದೂರ ಅರ್ಧವಾದಾಗ ಪಾಲು ಮೊದಲು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಯಿತು, ಮುಂದಿನ ಸಲ ಒಂದೂವರೆ ಪಟ್ಟಿನಷ್ಟು ಮಾತ್ರ. ಪಾಲು 1ನ್ನು ದಾಟುವಂತಿಲ್ಲವಲ್ಲ! ಅದೇ ತಟ್ಟೆಗಳನ್ನು 2 ಮೀಟರಿನಿಂದ 1 ಮೀಟರಿಗೆ ತಂದರೆ ಪಾಲು 0.0025ರಿಂದ 0.0098ಕ್ಕೆ ಏರುತ್ತದೆ, ಹತ್ತಿರಹತ್ತಿರ ನಾಲ್ಕು ಪಟ್ಟು. ಆ ವಿದ್ಯಾರ್ಥಿನಿಯ ನಿಯಮ ದೂರದಲ್ಲಿ ನಿಜವೇ.

ಶಾಖಕ್ಕೆ ಬರೋಣ. ಎರಡೂ ಕಪ್ಪುಕಾಯಗಳು, ಒಂದು 500 ಕೆಲ್ವಿನ್, ಇನ್ನೊಂದು ಮತ್ತು ಕೋಣೆ 300 ಕೆಲ್ವಿನ್ ಎಂದುಕೊಳ್ಳಿ. ಬಿಸಿ ತಟ್ಟೆಯ ಆ ಮುಖ ಒಟ್ಟು ಕಳೆದುಕೊಳ್ಳುವ ನಿವ್ವಳ ಶಾಖ σA(T₁⁴ − T₂⁴), ಸುಮಾರು 97 ವಾಟ್. ಅಂತರ ಎಷ್ಟಿದ್ದರೂ ಇದು ಬದಲಾಗದು. ಬದಲಾಗುವುದು ಹಂಚಿಕೆ. 10 ಸೆಂ.ಮೀ. ಅಂತರದಲ್ಲಿ 37 ವಾಟ್ ಎದುರಿನ ತಟ್ಟೆಗೆ, ಉಳಿದ 60 ಕೋಣೆಗೆ. 5 ಸೆಂ.ಮೀ.ಗೆ ತಂದರೆ ತಟ್ಟೆಗೆ 59. ಮಕ್ಕಳಿಗೆ ಹೆಚ್ಚು ಹಿಡಿಸಿದ್ದು ಈ ಹಂಚಿಕೆಯೇ.

ಪಾಠ ನೋಡುತ್ತಿದ್ದ ಮೇಡಂ ನಂತರದ ಚರ್ಚೆಯಲ್ಲಿ ಕೇಳಿದರು: "ದಾರದ ಸೂತ್ರವನ್ನು ಮಕ್ಕಳು ಯಾಕೆ ನಂಬಬೇಕು?" ನ್ಯಾಯವಾದ ಪ್ರಶ್ನೆ. ಮೂಲ ಸಾಧನೆಗೆ ಎರಡೂ ತಟ್ಟೆಗಳ ಮೇಲೆ ಸಮಾಕಲನ ಬೇಕು, ಅದು ಆ ತರಗತಿಗೆ ನಿಲುಕದು. ಆದ್ದರಿಂದ ಎರಡನೇ ಪಾಠದಲ್ಲಿ "ಇದನ್ನು ನಾವು ಸಾಧಿಸಿಲ್ಲ, ಪರೀಕ್ಷಿಸೋಣ" ಎಂದೇ ಶುರುಮಾಡಿದೆ. ಸಮ ತಟ್ಟೆಗಳು ಒಂದಕ್ಕೊಂದು ಅಂಟಿದರೆ s ಸೊನ್ನೆ, L ವ್ಯಾಸದಷ್ಟು, ಪಾಲು 1: ಹೊರಗೆ ಹೋಗಲು ಜಾಗವೇ ಇಲ್ಲ. ತುಂಬಾ ದೂರ ಹೋದರೆ ಎರಡು ದಾರವೂ ಹೆಚ್ಚುಕಡಿಮೆ ಒಂದೇ ಉದ್ದ, ಪಾಲು ಸೊನ್ನೆಯತ್ತ. ಮೂರನೆಯದು ಅಸಮ ತಟ್ಟೆಗಳು. 5 ಮತ್ತು 10 ಸೆಂ.ಮೀ. ತ್ರಿಜ್ಯ, 10 ಸೆಂ.ಮೀ. ಅಂತರವಾದರೆ ಚಿಕ್ಕದರಿಂದ ದೊಡ್ಡದಕ್ಕೆ 0.47, ದೊಡ್ಡದರಿಂದ ಚಿಕ್ಕದಕ್ಕೆ 0.12. ಆಯಾ ವಿಸ್ತೀರ್ಣದಿಂದ ಗುಣಿಸಿದರೆ ಎರಡೂ ಒಂದೇ: (L − s) ವ್ಯಾಸವಿರುವ ವೃತ್ತದ ವಿಸ್ತೀರ್ಣ. ಸಮತಾಪದಲ್ಲಿರುವ ತಟ್ಟೆಗಳ ನಡುವೆ ನಿವ್ವಳ ಶಾಖ ಹರಿಯಬಾರದು. ಹಾಗಾಗಿ ಈ ಎರಡು ಸಮವಾಗಲೇಬೇಕು.

ಈ ಚಟುವಟಿಕೆ ಮಾಡುವವರಿಗೆ ಎರಡು ಮಾತು. ಒಂದು, ಕೇಂದ್ರಗಳು ಪಕ್ಕಕ್ಕೆ ಸರಿದರೆ ಅಥವಾ ತಟ್ಟೆ ಓರೆಯಾದರೆ ಈ ಸೂತ್ರ ನಡೆಯದು. ಹೊಳೆಯುವ ಲೋಹದ ತಟ್ಟೆಯಾದರೆ ವ್ಯೂ ಫ್ಯಾಕ್ಟರ್ ಒಂದರಿಂದಲೇ ಶಾಖ ಸಿಗದು, ಪ್ರತಿಫಲನವನ್ನೂ ಲೆಕ್ಕಕ್ಕೆ ತರಬೇಕು. ಎರಡು, ದಾರವನ್ನು ಹತ್ತಿರದ ತಟ್ಟೆಗಳಿಗಷ್ಟೇ ಬಳಸಿ. 10 ಸೆಂ.ಮೀ. ಅಂತರದಲ್ಲಿ ಅಳತೆ 2 ಮಿ.ಮೀ. ತಪ್ಪಿದರೆ ಉತ್ತರ ಶೇ. 3ರಷ್ಟು ಕೆಡುತ್ತದೆ. 1 ಮೀಟರ್ ಅಂತರದಲ್ಲಿ L − s ಎರಡೇ ಸೆಂ.ಮೀ., ಅದೇ 2 ಮಿ.ಮೀ. ಉತ್ತರವನ್ನು ಶೇ. 20ರಷ್ಟು ಕೆಡಿಸುತ್ತದೆ. ಅಲ್ಲಿ ದಾರ ಬಿಟ್ಟು ಪೈಥಾಗೊರಸ್‌ನಿಂದಲೇ ಲೆಕ್ಕ ಹಾಕಿಸಿ.