ರಾತ್ರಿ ಒಂದೂವರೆಗೆ ಬಂದವರಿಗೆ ಮೊದಲು ಏನು ಹೇಳಬೇಕು?

ಓದು ಮುಗಿಸಿ ಪತ್ರಿಕೆಯ ಕೆಲಸ ಸಿಗುವವರೆಗೆ ನಾನು ಒಂದೂವರೆ ವರ್ಷ ಹೊಸಪೇಟೆಯ ಒಂದು ಲಾಡ್ಜಿನಲ್ಲಿ ನೈಟ್ ಶಿಫ್ಟ್ ಮಾಡಿದೆ. ರಾತ್ರಿ ಎಂಟಕ್ಕೆ ಕೂತರೆ ಬೆಳಿಗ್ಗೆ ಎಂಟಕ್ಕೆ ಏಳುವುದು. ಹಂಪಿ ನೋಡಲು ಬರುವವರು, ಮಳೆಗಾಲದಲ್ಲಿ ಡ್ಯಾಮಿನ ಗೇಟು ತೆಗೆದರು ಅಂತ ಸುದ್ದಿ ಕೇಳಿ ಓಡಿ ಬರುವವರು, ಬಳ್ಳಾರಿ ಕಡೆಯ ಗಣಿ ಕಂಪನಿಗಳ ಕೆಲಸಕ್ಕೆ ಬರುವವರು. ಹಗಲಲ್ಲಿ ಬಂದವರಿಗೂ ನಡುರಾತ್ರಿ ಬಂದವರಿಗೂ ಕೌಂಟರಿನಲ್ಲಿ ಒಂದೇ ಮಾತು, ಒಂದೇ ನಗು ಸಾಕು ಎಂದು ಹೊರಗಿನವರಿಗೆ ಅನಿಸಬಹುದು. ಸಾಲುವುದಿಲ್ಲ. ಎರಡೂ ಬೇರೆ ಬೇರೆ ಕೆಲಸ.

ಮಧ್ಯಾಹ್ನ ಬಂದವರ ಮನಸ್ಸಿನಲ್ಲಿ ಊರು ಇರುತ್ತದೆ. ಏನು ನೋಡಬೇಕು, ಎಲ್ಲಿ ಉಣ್ಣಬೇಕು ಅಂತ ಅವರೇ ಕೇಳುತ್ತಾರೆ. ರಾತ್ರಿ ಒಂದೂವರೆಗೆ ಬಂದವರ ತಲೆಯಲ್ಲಿ ಇರುವುದು ಒಂದೇ ಹೆದರಿಕೆ: ರೂಮ್ ಇದೆಯೋ ಇಲ್ಲವೋ? ಮೊಬೈಲಿನಲ್ಲಿ ‘ಕನ್ಫರ್ಮ್’ ಅಂತ ಬಂದಿದ್ದರೂ, ಅರ್ಧ ಎಳೆದ ಶಟರ್ ಮತ್ತು ಮಲಗಿದ ವಾಚ್‌ಮನ್ ನೋಡಿದ ಕೂಡಲೇ ಆ ನಂಬಿಕೆ ಹೋಗಿರುತ್ತದೆ. ಆದ್ದರಿಂದ ಕೌಂಟರಿನಿಂದ ಬರುವ ಮೊದಲ ವಾಕ್ಯ ಆ ಹೆದರಿಕೆಗೆ ಉತ್ತರ ಆಗಿರಬೇಕು. "ಬರ್ರಿ ಸರ್, ನಿಮ್ಮ ರೂಮ್ ರೆಡಿ ಐತಿ." ಇಷ್ಟೇ. "ಬುಕಿಂಗ್ ಇದೆಯಾ?" ಅಂತ ಕೇಳಿದರೆ ಅದೇ ಹೆದರಿಕೆಯನ್ನು ವಾಪಸ್ ಅವರ ಮೇಲೆ ಹಾಕಿದಂತೆ. "ಪ್ರಯಾಣ ಹೇಗಿತ್ತು?" ಅಂತ ಕೇಳಿದರೆ ನಿಂತವರಿಗೆ ಇನ್ನೊಂದು ಕೆಲಸ ಕೊಟ್ಟಂತೆ. ಹೇಗಿತ್ತು ಅನ್ನುವುದು ಅವರ ಮುಖದಲ್ಲೇ ಇರುತ್ತದೆ.

ಆದರೆ "ರೂಮ್ ರೆಡಿ ಐತಿ" ಅಂತ ಬಾಗಿಲಲ್ಲೇ ಹೇಳಬೇಕಾದರೆ ಬಂದವರು ಯಾರು ಅಂತ ನಮಗೆ ಮೊದಲೇ ಗೊತ್ತಿರಬೇಕು. ಹಾಗಾಗಿ ಸ್ವಾಗತದ ಕೆಲಸ ಶುರುವಾಗುವುದು ಒಂಬತ್ತು ಗಂಟೆಗೆ. ಆ ದಿನದ ಪಟ್ಟಿಯಲ್ಲಿ ಇನ್ನೂ ಬಾರದವರಿಗೆಲ್ಲ ಒಂದೊಂದು ಫೋನ್. ಕೇಳುವುದು ಮೂರೇ ಪ್ರಶ್ನೆ: ಈಗ ಎಲ್ಲಿದ್ದೀರಿ, ಎಷ್ಟು ಜನ ಇದ್ದೀರಿ, ಊಟ ಆಗುತ್ತದಾ? ಮೊದಲನೆಯದರಿಂದ ಬರುವ ಹೊತ್ತು ತಿಳಿಯುತ್ತದೆ. ಎರಡನೆಯದರಿಂದ ಹೆಚ್ಚಿನ ಹಾಸಿಗೆ ಈಗಲೇ ಹಾಕಿಸಬಹುದು, ಮಗು ನಿದ್ದೆಗಣ್ಣಲ್ಲಿ ನಿಂತಿರುವಾಗ ರೂಮ್ ಬಾಯ್ ಹಾಸಿಗೆ ಎಳೆದಾಡುವುದು ತಪ್ಪುತ್ತದೆ. ಮೂರನೆಯದು ಅಡುಗೆಮನೆಗಾಗಿ. ನಮ್ಮಲ್ಲಿ ಹತ್ತೂವರೆಗೆ ಒಲೆ ಆರುತ್ತಿತ್ತು. ಅಷ್ಟರೊಳಗೆ ಹೇಳಿದರೆ ಮೊಸರನ್ನ, ಉಪ್ಪಿನಕಾಯಿ ಕಟ್ಟಿ ಫ್ರಿಜ್ಜಿನಲ್ಲಿ ಇಡುತ್ತಿದ್ದರು. ಆಮೇಲೆ ಯಾರನ್ನೂ ಎಬ್ಬಿಸಲು ಆಗುತ್ತಿರಲಿಲ್ಲ.

ಇನ್ನೊಂದು ಬಿಸಿನೀರು. ಸೋಲಾರ್ ನೀರು ಸಂಜೆಯ ಹೊತ್ತಿಗೇ ಖರ್ಚಾಗಿ ಹೋಗಿರುತ್ತದೆ. ರೂಮಿನಲ್ಲಿ ಗೀಸರ್ ಇದ್ದರೆ ಹದಿನೈದು ಲೀಟರಿನದು ಕಾಯಲು ಹದಿನೈದು, ಇಪ್ಪತ್ತು ನಿಮಿಷ ಬೇಕು. ಊರ ಹತ್ತಿರ ಬಂದಾಗ ಒಂದು ಫೋನ್ ಮಾಡಿ ಅಂತ ಹೇಳಿಟ್ಟರೆ ಆಗ ಸ್ವಿಚ್ ಹಾಕಿಸಬಹುದು. ಅದೇ ಹೊತ್ತಿಗೆ ರೂಮ್ ಬಾಯ್ ಬೀಗ, ಫ್ಯಾನು, ಫ್ಲಶ್ಶು ನೋಡಿ ಬರಬೇಕು. ರಾತ್ರಿ ಎರಡಕ್ಕೆ ಬೀಗ ತೆರೆಯದ ರೂಮ್ ಕೊಟ್ಟರೆ ನಿಮ್ಮ ಎಲ್ಲ ಒಳ್ಳೆಯ ಮಾತೂ ಅಲ್ಲಿಗೆ ಮುಗಿಯಿತು.

ಇನ್ನು ಕಾಗದಪತ್ರ. ಬಂದವರನ್ನು ಕೌಂಟರಿನಲ್ಲಿ ಹೆಚ್ಚು ಹೊತ್ತು ನಿಲ್ಲಿಸುವುದು ಇದೇ. ಬುಕಿಂಗಿನಲ್ಲಿ ಹೆಸರು, ಊರು, ಫೋನ್ ನಂಬರ್ ಇದ್ದೇ ಇರುತ್ತದೆ; ಅದನ್ನು ಅವರ ಕೈಯಲ್ಲಿ ಮತ್ತೆ ಬರೆಸಬೇಕಾಗಿಲ್ಲ. ನಾನು ಒಂಬತ್ತರ ಫೋನ್ ಆದಮೇಲೆ ರಿಜಿಸ್ಟರಿನಲ್ಲಿ ಅಷ್ಟನ್ನೂ ಬರೆದಿಟ್ಟುಕೊಳ್ಳುತ್ತಿದ್ದೆ. ಬಂದ ಮೇಲೆ ಬೇಕಾಗುವುದು ಗುರುತಿನ ಚೀಟಿ ಮತ್ತು ಒಂದು ಸಹಿ. ಮನೆಮಂದಿ ಬಂದಿದ್ದರೆ ಎಲ್ಲರ ಚೀಟಿಯನ್ನೂ ಒಬ್ಬರ ಕೈಗೆ ಕೊಡಿಸಿ, ಆ ಒಬ್ಬರನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನು ಮೇಲೆ ಕಳಿಸಬೇಕು. ಚೀಟಿಯ ಪ್ರತಿ ತೆಗೆದು ಆಗಲೇ ವಾಪಸ್ ಕೊಡಬೇಕು. "ಬೆಳಿಗ್ಗೆ ಇಸ್ಕೊಳ್ಳಿ" ಅಂದರೆ ಅದು ಡ್ರಾಯರಿನಲ್ಲೇ ಉಳಿದು, ಅವರು ಬಾದಾಮಿ ತಲುಪಿದ ಮೇಲೆ ಫೋನ್ ಬರುತ್ತದೆ.

ವಿದೇಶದವರು ಬಂದಾಗ ಅವರ ವಿವರದ ಫಾರ್ಮ್ ತುಂಬಬೇಕು. ಪಾಸ್‌ಪೋರ್ಟ್, ವೀಸಾ ವಿವರ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ, ಎಲ್ಲ ಬೇಕು. ಆದರೆ ಅದನ್ನು ಕಳಿಸಲು ಬಂದ ಹೊತ್ತಿನಿಂದ 24 ಗಂಟೆ ಸಮಯ ಇದೆ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ ತೆಗೆದುಕೊಂಡರೆ ಆ ರಾತ್ರಿಗೆ ಸಾಕು. ಮುಂದಿನ ಊರು ಯಾವುದು ಅಂತ ತಿಂಡಿ ಹೊತ್ತಿಗೆ ಕೇಳಬಹುದು.

ಹೆಂಗಸರು ಒಬ್ಬರೇ ಬಂದಿದ್ದರೆ ರೂಮ್ ನಂಬರ್ ಕೂಗಿ ಹೇಳಬಾರದು. ಲಾಬಿಯಲ್ಲಿ ಯಾರಾದರೂ ಕೂತಿರುತ್ತಾರೆ. ಚೀಟಿಯಲ್ಲಿ ಬರೆದು ಕೀಯ ಜೊತೆ ಕೊಟ್ಟರಾಯಿತು. ಕಾರು ಬಾಡಿಗೆಯದಾದರೆ ಡ್ರೈವರಿಗೆ ಎಲ್ಲಿ ಮಲಗಬೇಕು, ಬಚ್ಚಲು ಎಲ್ಲಿ ಅಂತ ಅದೇ ಉಸಿರಿನಲ್ಲಿ ಹೇಳಬೇಕು. ಅವರೇ ಎಲ್ಲರಿಗಿಂತ ಹೆಚ್ಚು ದಣಿದವರು. ಬೆಳಿಗ್ಗೆ ಮತ್ತೆ ಗಾಡಿ ಓಡಿಸುವವರೂ ಅವರೇ.

ಇಷ್ಟೆಲ್ಲ ಸರಿ ಇದ್ದೂ ಕೌಂಟರಿನಲ್ಲಿ ಜಗಳ ಆಗುವುದು ಹೆಚ್ಚಾಗಿ ತಾರೀಖಿನ ವಿಷಯಕ್ಕೆ. ನಡುರಾತ್ರಿ ದಾಟಿದ ಮೇಲೆ ಗೋಡೆಯ ಕ್ಯಾಲೆಂಡರಿನ ದಿನವೇ ಬೇರೆ, ಲಾಡ್ಜಿನ ದಿನವೇ ಬೇರೆ. 13ನೇ ತಾರೀಖಿನ ಬುಕಿಂಗ್ ಎಂದರೆ 13ರ ಮಧ್ಯಾಹ್ನ ಹನ್ನೆರಡರಿಂದ 14ರ ಮಧ್ಯಾಹ್ನ ಹನ್ನೆರಡರವರೆಗೆ. ರಾತ್ರಿ ಒಂದು ಗಂಟೆಗೆ ಬಂದವರ ಮೊಬೈಲಿನಲ್ಲಿ ಆಗಲೇ 14 ಆಗಿರುತ್ತದೆ, ಲಾಡ್ಜಿನಲ್ಲಿ ಇನ್ನೂ 13 ನಡೆಯುತ್ತಿರುತ್ತದೆ.

ಒಂದು ರಾತ್ರಿ ಪುಣೆಯ ಮನೆಮಂದಿ ಬಂದರು. ಗಂಡ, ಹೆಂಡತಿ, ಹೆಗಲ ಮೇಲೆ ಮಲಗಿದ್ದ ಮಗು, ಮೊಣಕಾಲು ಹಿಡಿದುಕೊಂಡು ನಡೆಯುವ ಅಜ್ಜಿ. ಸೊಲ್ಲಾಪುರ, ವಿಜಯಪುರ ದಾಟಿ ಬರುವಾಗ ಇಳಕಲ್ ಹತ್ತಿರ ಟಯರ್ ಪಂಕ್ಚರ್ ಆಗಿ ತಡವಾಗಿತ್ತು. ಗಡಿಯಾರದಲ್ಲಿ ಒಂದು ಇಪ್ಪತ್ತು. ನನ್ನ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವರ ಮೊಬೈಲಿನಲ್ಲಿ ಮಾತ್ರ ಬುಕಿಂಗ್ ಇದೆ, ದುಡ್ಡೂ ಕಟ್ಟಿದ್ದಾರೆ, ತಾರೀಖು 14.

ಇಲ್ಲಿ ಸುಲಭವಾಗಿ ಬಾಯಿಗೆ ಬರುವ ಉತ್ತರ ಎರಡು. "ನಿಮ್ಮ ಹೆಸರಿಲ್ಲ" ಅನ್ನುವುದು ಒಂದು. "ಇದು ನಾಳೆ ಮಧ್ಯಾಹ್ನದ್ದು, ಇವತ್ತಿಗೆ ಇನ್ನೊಂದು ದಿನದ ಬಾಡಿಗೆ ಕೊಡಿ" ಅನ್ನುವುದು ಇನ್ನೊಂದು. ಎರಡನೆಯದು ಲೆಕ್ಕಕ್ಕೆ ಸರಿ. ಆದರೆ ನಿಂತವರ ಕಿವಿಗೆ ಅದು ಸುಲಿಗೆಯ ಹಾಗೆ ಕೇಳುತ್ತದೆ, ಯಾಕೆಂದರೆ ಅವರ ಮಟ್ಟಿಗೆ ಅವರು 14ಕ್ಕೇ ಬಂದಿದ್ದಾರೆ.

ನಾನು ಮೊದಲು ಅಜ್ಜಿಯನ್ನು ಕೂರಿಸಿ ನೀರು ಕೊಡಿಸಿದೆ. ಮರುದಿನದ ಪಟ್ಟಿ ತೆಗೆದೆ, ಹೆಸರು ಸಿಕ್ಕಿತು. "ನಿಮ್ಮ ಬುಕಿಂಗ್ ನಮ್ಮ ಹತ್ರ ಇದೆ, ಈ ರಾತ್ರಿ ಮಲಗಲು ರೂಮ್ ಕೂಡ ಇದೆ, ಒಂದು ವಿಷಯ ಮಾತ್ರ ಹೇಳಬೇಕು" ಅಂತ ಹಿಂದಿಯಲ್ಲಿ ಹೇಳಿದೆ. ಆಮೇಲೆ ಪಟ್ಟಿಯನ್ನೇ ಅವರ ಕಡೆ ತಿರುಗಿಸಿ ಹನ್ನೆರಡರಿಂದ ಹನ್ನೆರಡರ ಲೆಕ್ಕ ತೋರಿಸಿದೆ. ಯಜಮಾನರು ಒಂದು ನಿಮಿಷ ಸುಮ್ಮನಿದ್ದು, "ಮತ್ತೆ ಎಷ್ಟು ಕೊಡಬೇಕು?" ಅಂದರು.

ನಮ್ಮ ಮಾಲೀಕರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಹನ್ನೆರಡರ ನಂತರ ಇಂಥ ಪ್ರಸಂಗ ಬಂದು, ರೂಮ್ ಖಾಲಿ ಇದ್ದರೆ, ಅರ್ಧ ಬಾಡಿಗೆಗೆ ಕೊಡುವ ಅಧಿಕಾರ ರಾತ್ರಿಯವನಿಗೆ ಇತ್ತು. ಅವರನ್ನು ಎಬ್ಬಿಸಬೇಕಾಗಿರಲಿಲ್ಲ. ಬಾಡಿಗೆ 2400 ಇತ್ತು, 1200 ಅಂದೆ. ಬೇಡವಾದರೆ ಬೆಳಗಿನವರೆಗೆ ಲಾಬಿಯಲ್ಲಿ ಕೂರಬಹುದು, ಅದಕ್ಕೆ ದುಡ್ಡಿಲ್ಲ ಅಂತಲೂ ಹೇಳಿದೆ. ಅವರು 1200 ಕೊಟ್ಟರು. ಒಂದು ಇಪ್ಪತ್ತಕ್ಕೆ ಖಾಲಿ ಇರುವ ರೂಮನ್ನು ಇನ್ಯಾರೂ ಕೇಳಿ ಬರುವುದು ಅಪರೂಪ. ಲಾಡ್ಜಿಗೆ ತಗಲುವ ಖರ್ಚು ಕರೆಂಟು, ನೀರು, ಬಟ್ಟೆ ಒಗೆಯುವುದು ಅಷ್ಟೇ. ಮರುದಿನದ ರೂಮನ್ನೂ ಅದನ್ನೇ ಮಾಡಿಕೊಟ್ಟಿದ್ದರಿಂದ ಮಧ್ಯಾಹ್ನ ಅವರು ಗಂಟುಮೂಟೆ ಎತ್ತಿ ಬೇರೆ ರೂಮಿಗೆ ಹೋಗಬೇಕಾಗಲಿಲ್ಲ. ದುಡ್ಡಿನ ಮಾತನ್ನು ಕೀ ಕೊಡುವ ಮೊದಲೇ ಹೇಳಿಬಿಡಬೇಕು ಅನ್ನುವುದನ್ನು ಮರೆಯಬಾರದು. ಮಲಗಿ ಎದ್ದ ಮೇಲೆ ಬಿಲ್ಲಿನಲ್ಲಿ ಕಂಡರೆ ಅದು ಮೋಸ.

ಇದಕ್ಕೆ ಉಲ್ಟಾ ಆಗುವುದೂ ಇದೆ. 13ಕ್ಕೆ ಬುಕ್ ಮಾಡಿದವರು ರಾತ್ರಿ ಎರಡಾದರೂ ಬಂದಿರುವುದಿಲ್ಲ. ರಾತ್ರಿ ಲೆಕ್ಕ ಮುಗಿಸುವಾಗ ‘ಬರಲಿಲ್ಲ’ ಅಂತ ಗುರುತು ಹಾಕಿ ಆ ರೂಮನ್ನು ಸುಮ್ಮನೆ ಬಂದವರಿಗೆ ಮಾರುವ ಲಾಡ್ಜುಗಳಿವೆ. ಮೂರಕ್ಕೆ ಅವರು ಬಂದು ನಿಂತರೆ ಹೇಳಲು ಬಾಯಿ ಇರುವುದಿಲ್ಲ. ದುಡ್ಡು ಕಟ್ಟಿದವರ ರೂಮ್ ಮರುದಿನ ಹನ್ನೆರಡರವರೆಗೂ ಅವರದೇ. ಹಾಗೊಮ್ಮೆ ಯಾವ ಕಾರಣಕ್ಕೋ ರೂಮ್ ಇಲ್ಲವೇ ಇಲ್ಲ ಎಂದಾದರೆ, "ಇಲ್ಲ" ಅನ್ನುವ ಮೊದಲು ಪಕ್ಕದ ಲಾಡ್ಜಿಗೆ ನಾವೇ ಫೋನ್ ಮಾಡಿ, ಬಂದವರ ಹೆಸರಿನಲ್ಲಿ ರೂಮ್ ಹಿಡಿದು, ಆಟೋ ದುಡ್ಡು ನಮ್ಮ ಡ್ರಾಯರಿನಿಂದ ಕೊಟ್ಟು ಕಳಿಸಬೇಕು. ಅಲ್ಲಿ ಬಾಡಿಗೆ ಹೆಚ್ಚಿದ್ದರೆ ಆ ಹೆಚ್ಚುವರಿಯೂ ನಮ್ಮದೇ.

ರೂಮಿಗೆ ಹೋದ ಮೇಲೆ "ಎಲ್ಲ ಸರಿ ಇದೆಯಾ" ಅಂತ ಫೋನ್ ಮಾಡುವುದು ಬೇಡ. ರೂಮ್ ಬಾಯ್ ಅಲ್ಲೇ ನಿಂತು ನಲ್ಲಿ ತಿರುಗಿಸಿ, ಚಿಲಕ ಹಾಕಿ ತೋರಿಸಿ ಬಂದಿದ್ದರೆ ಸಾಕು. ಆದರೆ ಕೌಂಟರಿನಲ್ಲಿ ಒಂದು ಕೆಲಸ ಉಳಿದಿರುತ್ತದೆ. ನಮ್ಮ ಕಡೆಯ ಲಾಡ್ಜುಗಳಲ್ಲಿ ಬೆಳಿಗ್ಗೆ ಆರೂವರೆಗೆ "ಚಾ, ಕಾಫಿ" ಅಂತ ಬಾಗಿಲು ಬಡಿಯುವ ಪದ್ಧತಿ ಇದೆ. ಎಂಟಕ್ಕೆ ಕಸ ಗುಡಿಸುವವರು ಬಡಿಯುತ್ತಾರೆ. ಎರಡಕ್ಕೆ ಮಲಗಿದವರಿಗೆ ಇದು ಶಿಕ್ಷೆ. ಹಗಲಿನವರಿಗೆ ಅವರು ಯಾವಾಗ ಬಂದರು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ನಮ್ಮ ಶಿಫ್ಟ್ ಪುಸ್ತಕದಲ್ಲಿ ಕೊನೆಯ ಸಾಲು ಯಾವಾಗಲೂ ಹೀಗಿರುತ್ತಿತ್ತು: "204, ರಾತ್ರಿ 1.40ಕ್ಕೆ ಕೀ ಕೊಟ್ಟಿದೆ, ಚಿಕ್ಕ ಮಗು ಇದೆ, ಒಂಬತ್ತರವರೆಗೆ ಬಡಿಯಬೇಡಿ, ತಿಂಡಿ ಎತ್ತಿಡಿ."