ಒಂಟಿ ಕೈಯ ಬರವಣಿಗೆ

ಎರಡು ಕೈಯಿದ್ದವರಿಗೆ ‘ಧಾರವಾಡ’ ಎಂದು ಗಣಕದಲ್ಲಿ ಬರೆಯುವುದು ಒಂದು ಲೆಕ್ಕವೇ ಅಲ್ಲ. ಆದರೆ ನುಡಿ ಕೀಲಿಮಣೆಯಲ್ಲಿ ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಕೀಲಿಯನ್ನು ಅದುಮಿ ಹಿಡಿದುಕೊಂಡೇ ಅಕ್ಷರವನ್ನು ಒತ್ತಬೇಕು. ಈ ಒಂದು ಹೆಸರಿನಲ್ಲಿಯೇ ಮೂರು ಸಲ ಹಾಗಾಗುತ್ತದೆ. ಎಡಗೈಯೊಂದರಿಂದಲೇ ಬರೆಯುವ ನನ್ನ ಗೆಳೆಯನೊಬ್ಬನು ಅದಕ್ಕಾಗಿ ಬೆರಳುಗಳನ್ನು ನೋವಾಗುವಷ್ಟು ಚಾಚುತ್ತಿದ್ದನು.

ವಿಂಡೋಸ್ ಗಣಕದಲ್ಲಿ ಶಿಫ್ಟನ್ನು ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಬೇಕೇ ಎಂದು ಅದು ಕೇಳುತ್ತದೆ. ಒಪ್ಪಿಕೊಂಡ ಮೇಲೆ ಶಿಫ್ಟನ್ನು ಒತ್ತಿ ಕೈಬಿಟ್ಟರೂ ಮುಂದಿನ ಒಂದು ಅಕ್ಷರಕ್ಕೆ ಅದು ಅನ್ವಯಿಸುತ್ತದೆ. ಶಿಫ್ಟ್, d, ಶಿಫ್ಟ್, a: ‘ಧಾ’ ಸಿದ್ಧ. ಎರಡು ಸಲ ಒತ್ತಿದರೆ ಶಿಫ್ಟ್ ಬಿಗಿಯಾಗಿ ನಿಲ್ಲುತ್ತದೆ, ಮತ್ತೊಮ್ಮೆ ಒತ್ತಿದರೆ ಸಡಿಲುತ್ತದೆ. ಆದರೆ ‘ಧಾ’ಕ್ಕೆ ಹಾಗೆ ಮಾಡಿದರೆ ನಾಲ್ಕರ ಬದಲು ಐದು ಒತ್ತು ಬೇಕು, ಅದು ಲಾಭವಲ್ಲ.

ಕೈ ನಡುಗುವವರಿಗೆ ಇಲ್ಲಿ ಒಂದು ತೊಡಕುಂಟು. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಈ ಸೌಕರ್ಯ ನಿಲ್ಲಲಿ ಎಂಬ ಆಯ್ಕೆಯೊಂದಿದೆ. ಬೆರಳು ಶಿಫ್ಟಿನ ಮೇಲೆ ತುಸು ತಡೆದು, ಅಷ್ಟರಲ್ಲಿ d ತಾಗಿದರೆ ಸಾಕು, ಎಲ್ಲವೂ ನಿಂತುಹೋಗುತ್ತದೆ. ಮುಂದೆ ‘ಧ’ ಬರಬೇಕಾದಲ್ಲಿ ‘ದ’ ಬಂದರೆ ಹೀಗಾಗಿದೆಯೆಂದೇ ತಿಳಿಯಬೇಕು. ಸೆಟ್ಟಿಂಗ್ಸಿನಲ್ಲಿ ಆ ಆಯ್ಕೆಯನ್ನು ತೆಗೆದುಬಿಟ್ಟರೆ ಈ ತೊಂದರೆಯಿಲ್ಲ. ನಮ್ಮ ಪ್ರಯೋಗಶಾಲೆಯಂತೆ ಹಲವರು ಬಳಸುವ ಗಣಕದಲ್ಲಂತೂ, ಕುಳಿತೊಡನೆ ಒಂದು ‘ಧ’ ಬರೆದು ನೋಡಿಯೇ ಆತನು ಕೆಲಸಕ್ಕೆ ತೊಡಗುತ್ತಾನೆ.