ಊರಿನ ಹೆಸರೂ ನಾಯಿಯ ಸ್ನಾನವೂ

ನಿಘಂಟನ್ನು ಕಂಠಪಾಠ ಮಾಡಿದವನಿಗೆ ಅಂಗಡಿಯ ಒಕ್ಕಣೆ ಬರೆಯಲು ಬಾರದೆಂಬುದನ್ನು ನಾನು ಅರುವತ್ತನೆಯ ವಯಸ್ಸಿನಲ್ಲಿ ಕಲಿತೆನು. ಕಲಿಸಿದವನು ನನ್ನ ತಂಗಿಯ ಮಗನು.

2021ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಮುಖ್ಯಪಟ್ಟಣವಾಯಿತು. ಹೊಸ ಬಡಾವಣೆಗಳೂ ನೌಕರರ ಸಂಸಾರಗಳೂ ಬಂದವು. ಅವರೊಡನೆ ಉದ್ದಗೂದಲಿನ ಸಾಕುನಾಯಿಗಳೂ ಬಂದವು. ಇದನ್ನು ಕಂಡು ಆತನು ಸಾಲ ಮಾಡಿ, ಕಾಲೇಜು ರಸ್ತೆಯ ಬಳಿ ನಾಯಿಗಳಿಗೆ ಸ್ನಾನ ಮಾಡಿಸಿ, ಕೂದಲನ್ನೂ ಉಗುರನ್ನೂ ಕತ್ತರಿಸುವ ಅಂಗಡಿಯನ್ನು ತೆರೆದನು. ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಹಾಕುವುದು ಆತನ ಕೆಲಸ. ಚಿತ್ರದ ಕೆಳಗಣ ಬರೆಹವು ನನ್ನ ಪಾಲಿಗೆ ಬಂದಿತು.

ನಾನು "ಶ್ವಾನಸಂಸ್ಕಾರಮಂದಿರ" ಎಂದು ಬರೆದೆನು. ಸಂಸ್ಕಾರವೆಂದರೆ ಶುದ್ಧಿಗೊಳಿಸುವುದೆಂಬ ಅರ್ಥವು ನನ್ನ ಮನಸ್ಸಿನಲ್ಲಿತ್ತು. ಲೊಕೇಶನ್ ಟ್ಯಾಗ್ ಎಂಬ ಸ್ಥಳದ ಗುರುತಿಗೆ ಆತನು Hampi ಎಂಬುದನ್ನು ಆರಿಸಿದನು. ಲೋಕವೆಲ್ಲ ಬಲ್ಲ ಹೆಸರಲ್ಲವೇ! ಎರಡು ತಿಂಗಳು ಮೆಚ್ಚುಗೆಗಳು ಬಂದವು, ನಾಯಿಗಳು ಬರಲಿಲ್ಲ. ಸಾಲದ ಕಂತಿನ ದಿನವು ಮಾತ್ರ ತಪ್ಪದೆ ಬರುತ್ತಿತ್ತು. ಒಂದು ಬೆಳಿಗ್ಗೆ ಕಂಪ್ಲಿಯ ಗೃಹಸ್ಥರೊಬ್ಬರು ಫೋನು ಮಾಡಿ, "ನಮ್ಮ ನಾಯಿ ರಾತ್ರಿ ತೀರಿಹೋಯ್ತು. ಮಣ್ಣು ಮಾಡೋಕೆ ನೀವೇ ಬರ್ತೀರೋ, ನಾವೇ ತರಬೇಕೋ?" ಎಂದು ಗದ್ಗದಕಂಠದಿಂದ ಕೇಳಿದರು. ನನ್ನ ಸಂಸ್ಕಾರವು ಅಂತ್ಯಸಂಸ್ಕಾರವಾಗಿ ಪರಿಣಮಿಸಿತ್ತು!

ಅಂದು ಸಂಜೆ ಹುಡುಗನು ಲೆಕ್ಕದ ಪುಟವನ್ನು ತೆರೆದು, "ಮಾವ, ನೋಡಿದೋರೆಲ್ಲ ಬೆಂಗಳೂರು, ಮುಂಬೈನೋರೇ. ನಮ್ಮೂರಿನೋರು ಕಾಣೋದೇ ಇಲ್ಲ" ಎಂದನು. ರೋಗವು ಅಲ್ಲಿ ತಿಳಿಯಿತು. ಸ್ಥಳದ ಗುರುತೆಂದರೆ ಅಲಮಾರಿನ ಒಂದು ಖಾನೆಯಂತೆ. ಹಂಪಿಯ ಖಾನೆಯಲ್ಲಿ ಕಲ್ಲಿನ ರಥದ ಮುಂದೆ ನಿಂತ ಯಾತ್ರಿಕರ ಚಿತ್ರಗಳು ದಿನವೂ ಬಂದು ಬೀಳುತ್ತವೆ. ಅದನ್ನು ತೆರೆದು ನೋಡುವವನು ಊರಿಗೆ ಬರಲಿರುವ ಪ್ರವಾಸಿಯೇ ಹೊರತು, ನಾಯಿಯ ಮೈಯಲ್ಲಿ ಉಣ್ಣಿ ಕಂಡು ಕಂಗೆಟ್ಟ ಗೃಹಿಣಿಯಲ್ಲ.

"ಹಾಗಾದರೆ ಜಿಲ್ಲೆಯ ಹೆಸರೇ ಇರಲಿ" ಎಂದು Vijayanagar ಎಂಬುದನ್ನು ಹುಡುಕಿದೆವು. ಆ ಹೆಸರಿನ ಬಡಾವಣೆಯು ಬೆಂಗಳೂರಿನಲ್ಲಿಯೂ ಉಂಟು, ಮೈಸೂರಿನಲ್ಲಿಯೂ ಉಂಟು. ಅದನ್ನು ಬಿಟ್ಟೆವು. ಕೊನೆಗೆ ಹೊಸಪೇಟೆಯೇ ಸರಿಯೆಂದು ಬಂದರೆ ಅಲ್ಲಿಯೂ ಒಂದು ತೊಡಕು. 2014ರ ನವೆಂಬರ್ 1ರಿಂದ ಸರಕಾರದ ಬರೆಹದಲ್ಲಿ Hosapete ಎಂದಾಗಿದ್ದರೂ ಜನರ ಬೆರಳು ಇನ್ನೂ Hospet ಎಂದೇ ಒತ್ತುತ್ತದೆ. ಒಂದು ಚಿತ್ರಕ್ಕೆ ಸ್ಥಳದ ಗುರುತು ಒಂದೇ. ಆದುದರಿಂದ ಹೊಸ ಹೆಸರನ್ನು ಗುರುತಿಗೆ ಆರಿಸಿ, ನಕಾಶೆಯಲ್ಲಿ ಅದು ನಮ್ಮ ಊರೇ ಎಂದು ನೋಡಿಕೊಂಡು, ಹಳೆಯ ಹೆಸರನ್ನು ಒಕ್ಕಣೆಯೊಳಗೆ ಇಟ್ಟೆವು. ಯಂತ್ರವು ಎರಡನ್ನೂ ಒಂದೆಂದು ತಾನೇ ಊಹಿಸೀತೆಂದು ನಂಬಿ ಕೂರಲಿಲ್ಲ.

ಇನ್ನು ಉಳಿದುದು ಹುಡುಕುವ ಮಾತುಗಳು. ಇದಕ್ಕೆ ನನ್ನ ಹಳೆಯ ಕಸುಬು ಒದಗಿತು. ಫೋನಿನ ಬಳಿ ಒಂದು ನೋಟುಪುಸ್ತಕವನ್ನಿಟ್ಟು, ಕರೆದವರು ಮೊದಲು ಆಡಿದ ಮಾತನ್ನು ಅವರ ಬಾಯಲ್ಲಿ ಬಂದಂತೆಯೇ ಬರೆಸಿದೆನು. ಅಮರಸಿಂಹನು ಹೇಳಿದ ಸಾರಮೇಯ, ಕೌಲೇಯಕ ಎಂಬ ಪರ್ಯಾಯಪದಗಳು ಹಾಗಿರಲಿ, ಶ್ವಾನವೆಂದವರೂ ಒಬ್ಬರಿಲ್ಲ! "ನಾಯಿಗೆ ಕಟಿಂಗ್ ಮಾಡ್ತೀರಾ?", "ಉಣ್ಣಿ ತೆಗೀತೀರಾ?", "ಡಾಗ್ ಗ್ರೂಮಿಂಗ್ ಎಷ್ಟು?" ಇವೇ ಮತ್ತೆ ಮತ್ತೆ ಬಂದವು. ಪೂರ್ತಿ ಒಕ್ಕಣೆಯು ಮೊದಲು ಕಾಣುವುದಿಲ್ಲ. ಮೇಲಿನ ಒಂದೆರಡು ಸಾಲು ಮಾತ್ರ ಕಾಣುತ್ತವೆ. ಆದುದರಿಂದ ಮೊದಲನೆಯ ಸಾಲನ್ನೇ ಹೀಗೆ ತಿದ್ದಿದೆನು:

"ಹೊಸಪೇಟೆಯಲ್ಲಿ ನಾಯಿಗೆ ಸ್ನಾನ, ಕೂದಲು ಕಟಿಂಗ್. Dog grooming in Hospet, College Road."

ಅದರ ಕೆಳಗೆ ನಾಯಿಯ ಜಾತಿ, ಮಾಡಿದ ಕೆಲಸ, ಹಿಡಿದ ಸಮಯ; ಕಡೆಯಲ್ಲಿ #hospetdoggrooming. ಈ ಗುರುತಿನ ನಡುವೆ ಬಿಡುವು ಕೂಡದು. #dog grooming ಎಂದು ಬಿಡಿಸಿ ಬರೆದರೆ ಮೊದಲ ಪದವಷ್ಟೇ ಗುರುತಾಗಿ, ಎರಡನೆಯದು ಬರಿಯ ಮಾತಾಗಿ ಉಳಿಯುವುದು.

ಪ್ರತಿ ಚಿತ್ರದ ಕೆಳಗೂ ಹಂಪಿ, ಸಂಡೂರು, ಕಂಪ್ಲಿ ಮೂರನ್ನೂ ತುಂಬೋಣವೆಂದು ಹುಡುಗನಿಗೆ ಆಸೆ. ನಾನು ಒಪ್ಪಲಿಲ್ಲ. ಆತನು ತಿಂಗಳಲ್ಲಿ ಎರಡು ಭಾನುವಾರ ಸಂಡೂರಿಗೆ ಹೋಗಿ ಮನೆಗಳಲ್ಲಿಯೇ ಕೆಲಸ ಮಾಡುತ್ತಾನೆ. ಅಲ್ಲಿ ತೆಗೆದ ಚಿತ್ರಕ್ಕೆ ಸಂಡೂರಿನ ಗುರುತನ್ನೇ ಹಾಕಲಿ; ಆದರೆ ಊರಿನ ಹೆಸರು ಸಾಕು, ಗಿರಾಕಿಯ ಬೀದಿಯೂ ಮನೆಯೂ ಬೇಡ. ಕಂಪ್ಲಿಗೆ ಆತನು ಹೋಗುವುದಿಲ್ಲ. ಹೋಗದ ಊರಿನ ಹೆಸರನ್ನು ಬರೆದರೆ ಅಲ್ಲಿಂದ ಕರೆಗಳು ಬರುವುವು. ಪ್ರತಿಯೊಂದಕ್ಕೂ "ಇಲ್ಲ" ಎನ್ನಬೇಕಾಗುವುದು.

ಈಗ ಲೆಕ್ಕದ ಪುಟದಲ್ಲಿ ಮೆಚ್ಚುಗೆಗಳು ಕಡಿಮೆ, ನಮ್ಮೂರಿನವರು ಹೆಚ್ಚು. ಹೊಸಬರು ಬಂದಾಗಲೆಲ್ಲ "ಏನೆಂದು ಬರೆದು ಹುಡುಕಿದಿರಿ?" ಎಂದು ಹುಡುಗನು ಕೇಳುತ್ತಾನೆ. ಅರ್ಧದಷ್ಟು ಮಂದಿ ನೆರೆಮನೆಯವರ ಮಾತು ಕೇಳಿ ಬಂದವರೇ. ಅದಕ್ಕೆ ಒಕ್ಕಣೆಯ ಹಂಗಿಲ್ಲ. ಉಳಿದವರ ಮಾತು ನೋಟುಪುಸ್ತಕಕ್ಕೆ ಸೇರುತ್ತದೆ. ಹೋದ ತಿಂಗಳಿನ ಕಂತು ಅಂಗಡಿಯ ದುಡ್ಡಿನಿಂದಲೇ ಸಂದಿತು.

ಕಂಪ್ಲಿಯ ಗೃಹಸ್ಥರಿಗೆ ನಾನೇ ಫೋನು ಮಾಡಿ ಕ್ಷಮೆ ಬೇಡಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಮೇಷ್ಟ್ರೇ, ನೀವು ಬರೆದದ್ದು ನಮಗೆ ತಿಳೀಲಿಲ್ಲ" ಎಂದರು. ಮೂವತ್ತು ವರುಷ ಪಾಠ ಹೇಳಿದವನಿಗೆ ಅದಕ್ಕಿಂತ ದೊಡ್ಡ ತಿದ್ದುಪಡಿ ಬೇಕಿರಲಿಲ್ಲ.